ಪೊಟ್ಯಾಸಿಯಂ ಕ್ಲೋರೈಡ್ ಇಂಜೆಕ್ಷನ್ ವಿತರಣೆ: ನೋಟಕ್ಕೆ ಒಂದೇ ತೆರನಾಗಿ ಕಾಣುವ ಅತಿ ಅಪಾಯದ ಔಷಧವನ್ನು ಆಸ್ಪತ್ರೆಯ ಔಷಧಾಲಯದಿಂದ ಕೊಡುವ ಕ್ರಮ

ಹುಬ್ಬಳ್ಳಿಯ ಸ್ಟಾಕಿಸ್ಟ್‌ನಿಂದ ಗದಗಿಗೋ ಹಾವೇರಿಗೋ ಬಂದ ಪೆಟ್ಟಿಗೆಯನ್ನು ಒಡೆದು, ಅದರೊಳಗಿನ 10 ಮಿ.ಲೀ. ಪ್ಲಾಸ್ಟಿಕ್ ಆಂಪ್ಯೂಲ್‌ಗಳನ್ನು ಮೇಜಿನ ಮೇಲೆ ಒಂದರ ಪಕ್ಕ ಒಂದು ಇಟ್ಟು ನೋಡಬೇಕು. ಇಂಜೆಕ್ಷನ್ ಪುಡಿಯನ್ನು ಕರಗಿಸಲು ಬಳಸುವ ಸ್ಟೆರೈಲ್ ವಾಟರ್, ನಾರ್ಮಲ್ ಸಲೈನ್ ಮತ್ತು ಶೇ. 15ರ ಪೊಟ್ಯಾಸಿಯಂ ಕ್ಲೋರೈಡ್, ಈ ಮೂರೂ ಬಣ್ಣವಿಲ್ಲದ ದ್ರವಗಳು. ಮೂರೂ ಒಂದೇ ಅಳತೆಯ, ಕತ್ತು ತಿರುವಿ ಮುರಿಯುವ ಮೆದು ಪ್ಲಾಸ್ಟಿಕ್ಕಿನ ಆಂಪ್ಯೂಲ್‌ಗಳಲ್ಲಿ ಬರುತ್ತವೆ. ಕೆಲವು ತಯಾರಕರ ಆಂಪ್ಯೂಲ್‌ಗಳಲ್ಲಿ ಹೆಸರು ಬಣ್ಣದಲ್ಲಿ ಅಚ್ಚಾಗಿರದೆ, ಪ್ಲಾಸ್ಟಿಕ್ಕಿನ ಮೇಲೆಯೇ ಉಬ್ಬಕ್ಷರದಲ್ಲಿ ಇರುತ್ತದೆ, ಆ ಅಕ್ಷರವನ್ನು ಟ್ಯೂಬ್‌ಲೈಟಿನ ಬೆಳಕಿನಲ್ಲಿ ಓರೆಯಾಗಿ ಹಿಡಿದು ತಿರುಗಿಸದ ಹೊರತು ಓದಲು ಬರುವುದಿಲ್ಲ.

ಸ್ಟೆರೈಲ್ ವಾಟರ್ ಎಂದು ತಿಳಿದು ಪೊಟ್ಯಾಸಿಯಂ ಕ್ಲೋರೈಡನ್ನು ಸಿರಿಂಜಿಗೆ ಎಳೆದು, ಆ್ಯಂಟಿಬಯಾಟಿಕ್ ಪುಡಿ ಕರಗಿಸಿ, ರೋಗಿಯ ರಕ್ತನಾಳಕ್ಕೆ ನೇರವಾಗಿ ಕೊಟ್ಟರೆ ನಿಮಿಷಗಳೊಳಗೆ ಹೃದಯ ನಿಂತುಹೋಗಬಹುದು. ಆದ್ದರಿಂದಲೇ ವಿಶ್ವ ಆರೋಗ್ಯ ಸಂಸ್ಥೆಯು 2007ರಲ್ಲಿ ಪ್ರಕಟಿಸಿದ ರೋಗಿ ಸುರಕ್ಷತೆಯ ಒಂಬತ್ತು ಪರಿಹಾರಗಳಲ್ಲಿ ಸಾಂದ್ರ ಎಲೆಕ್ಟ್ರೊಲೈಟ್ ದ್ರಾವಣಗಳ ನಿಯಂತ್ರಣಕ್ಕೂ, ನೋಟಕ್ಕೆ ಮತ್ತು ಕಿವಿಗೆ ಒಂದೇ ಎನಿಸುವ ಔಷಧಗಳಿಗೂ ಬೇರೆ ಬೇರೆ ಸ್ಥಾನ ದೊರೆಯಿತು. ಪೊಟ್ಯಾಸಿಯಂ ಕ್ಲೋರೈಡ್ ಈ ಎರಡೂ ಪಟ್ಟಿಗಳಿಗೆ ಸೇರುವ ಔಷಧವಾಗಿದೆ. ಇನ್ಸುಲಿನ್, ಹೆಪಾರಿನ್, ಡೋಪಮೈನ್ ಮತ್ತು ಡೋಬ್ಯುಟಮೈನ್ ಮೊದಲಾದವುಗಳಿಗೂ ತಮ್ಮವೇ ಆದ ವಿಧಾನಗಳು ಬೇಕು. ಆದರೆ ನೂರು ಹಾಸಿಗೆಯ ಆಸ್ಪತ್ರೆಯೊಂದು ಈ ಒಂದು ಆಂಪ್ಯೂಲಿನ ದಾರಿಯನ್ನು ಖರೀದಿಯಿಂದ ರೋಗಿಯ ಹಾಸಿಗೆಯವರೆಗೆ ಸರಿಪಡಿಸಿಕೊಂಡರೆ, ಉಳಿದ ಔಷಧಗಳ ಕ್ರಮವನ್ನು ಅದೇ ಮಾದರಿಯಲ್ಲಿ ಬರೆದುಕೊಳ್ಳಬಹುದು. ಆದ್ದರಿಂದ ಇಲ್ಲಿ ಅದೊಂದನ್ನೇ ತೆಗೆದುಕೊಂಡಿದ್ದೇನೆ.

ಮೊದಲ ಹಂತ: ಸರಕು ಬಂದಾಗಲೇ ಹೋಲಿಕೆಯನ್ನು ಹಿಡಿಯುವುದು

ಅತಿ ಅಪಾಯದ ಔಷಧಗಳ ಪಟ್ಟಿ ಮತ್ತು ಹೋಲುವ ಔಷಧಗಳ ಪಟ್ಟಿ ಎಂದು ಎರಡು ಕಾಗದಗಳನ್ನು ಗೋಡೆಗೆ ಅಂಟಿಸಿರುವುದನ್ನು ನಮ್ಮ ಅನೇಕ ಆಸ್ಪತ್ರೆಗಳಲ್ಲಿ ಕಾಣಬಹುದು. ಎನ್‌ಎಬಿಎಚ್ ಮಾನ್ಯತೆಗೆ ಆ ಪಟ್ಟಿಗಳು ಬೇಕೇ ಬೇಕು. ಆದರೆ ಅವು ಅಂಟಿಸಿದ ದಿನದ ಹೋಲಿಕೆಗಳನ್ನು ಮಾತ್ರ ಹೇಳುತ್ತವೆ. ಸರ್ಕಾರಿ ಆಸ್ಪತ್ರೆಗಳಿಗೆ ರಾಜ್ಯ ವೈದ್ಯಕೀಯ ಸರಬರಾಜು ನಿಗಮದ ಟೆಂಡರ್ ಬದಲಾದಾಗ ತಯಾರಕರು ಬದಲಾಗುತ್ತಾರೆ. ಖಾಸಗಿ ಆಸ್ಪತ್ರೆಗಳಲ್ಲಿ ಸ್ಟಾಕಿಸ್ಟ್ ಬಳಿ ಒಂದು ಬ್ರ್ಯಾಂಡ್ ಮುಗಿದರೆ ಇನ್ನೊಂದು ಬರುತ್ತದೆ. ಕಳೆದ ತಿಂಗಳು ಕೆಂಪಕ್ಷರದಲ್ಲಿ ಬಂದ ಪೊಟ್ಯಾಸಿಯಂ ಈ ತಿಂಗಳು ಸ್ಟೆರೈಲ್ ವಾಟರಿನ ನೀಲಿ ಅಕ್ಷರದಲ್ಲಿಯೇ ಬರಬಹುದು.

ಆದ್ದರಿಂದ ಹೋಲಿಕೆಯನ್ನು ನೋಡುವ ಕೆಲಸ ಸರಕು ಇಳಿಸಿಕೊಳ್ಳುವ ಮೇಜಿನ ಮೇಲೆ ನಡೆಯಬೇಕು. ಹೊಸ ತಯಾರಕರ ಅಥವಾ ಹೊಸ ವಿನ್ಯಾಸದ ಯಾವುದೇ ಚಿಕ್ಕ ಆಂಪ್ಯೂಲ್ ಬಂದಾಗ, ಅದರಲ್ಲಿ ಒಂದನ್ನು ತೆಗೆದು ಸದ್ಯ ದಾಸ್ತಾನಿನಲ್ಲಿರುವ ಅದೇ ಅಳತೆಯ ಎಲ್ಲ ಆಂಪ್ಯೂಲ್‌ಗಳ ಪಕ್ಕ ಇಟ್ಟು, ಒಂದು ಕೈಯಳತೆ ದೂರದಿಂದ ನೋಡಬೇಕು. ಹೆಸರು ಓದದೆಯೇ ಬೇರ್ಪಡಿಸಲು ಆಗುತ್ತದೆಯೇ ಎಂಬುದೇ ಪ್ರಶ್ನೆ. ಆಗದಿದ್ದರೆ ಆ ಜೋಡಿಯ ಫೋಟೊ ತೆಗೆದು, ದಿನಾಂಕ ಮತ್ತು ಬ್ಯಾಚ್ ಸಂಖ್ಯೆಯೊಂದಿಗೆ ಹೋಲುವ ಔಷಧಗಳ ಪಟ್ಟಿಗೆ ಅಂದೇ ಸೇರಿಸಿ, ವಾರ್ಡುಗಳ ನರ್ಸಿಂಗ್ ಮೇಲ್ವಿಚಾರಕರಿಗೂ ಕಳಿಸಬೇಕು. ಖರೀದಿ ಕೈಯಲ್ಲಿರುವ ಆಸ್ಪತ್ರೆಗಳಿಗೆ ಇದಕ್ಕಿಂತ ಒಳ್ಳೆಯ ಉಪಾಯವೊಂದಿದೆ: ಸ್ಟೆರೈಲ್ ವಾಟರನ್ನು ಒಬ್ಬ ತಯಾರಕರಿಂದ, ಪೊಟ್ಯಾಸಿಯಂ ಕ್ಲೋರೈಡನ್ನು ಬೇರೊಬ್ಬರಿಂದ, ಸಾಧ್ಯವಾದರೆ ಒಂದನ್ನು ಪ್ಲಾಸ್ಟಿಕ್ಕಿನಲ್ಲಿ, ಇನ್ನೊಂದನ್ನು ಗಾಜಿನಲ್ಲಿ ತರಿಸುವುದು. ಮುಟ್ಟಿದ ಕೂಡಲೇ ವ್ಯತ್ಯಾಸ ತಿಳಿಯುತ್ತದೆ. ಕೆಲವು ಪೈಸೆಗಳ ಉಳಿತಾಯಕ್ಕಾಗಿ ಎರಡನ್ನೂ ಒಂದೇ ಕಂಪನಿಯಿಂದ ತರಿಸುವುದನ್ನು ನಾನು ಒಪ್ಪುವುದಿಲ್ಲ.

ಆಂಪ್ಯೂಲಿನ ಬಣ್ಣವನ್ನೋ ಮುಚ್ಚಳದ ಬಣ್ಣವನ್ನೋ ಗುರುತಾಗಿ ಸಿಬ್ಬಂದಿಗೆ ಕಲಿಸಬಾರದು. ತಯಾರಕರೆಲ್ಲರೂ ಪಾಲಿಸುವ ಬಣ್ಣದ ಕಟ್ಟಳೆ ಈ ಆಂಪ್ಯೂಲ್‌ಗಳಿಗೆ ಇಲ್ಲ. ಬಣ್ಣವನ್ನು ನಂಬಿ ಕಲಿತ ಕೈ ಬ್ರ್ಯಾಂಡ್ ಬದಲಾದ ದಿನವೇ ತಪ್ಪುತ್ತದೆ.

ಎರಡನೆಯ ಹಂತ: ಇಡುವ ಜಾಗ ಮತ್ತು ಪರದೆಯ ಮೇಲಿನ ಹೆಸರು

ಪೊಟ್ಯಾಸಿಯಂ ಕ್ಲೋರೈಡ್ ಅಕ್ಷರಾನುಕ್ರಮದ ರ‍್ಯಾಕಿನಲ್ಲಿ ಇರಕೂಡದು, ದ್ರವಗಳ ರ‍್ಯಾಕಿನಲ್ಲಿ ಸ್ಟೆರೈಲ್ ವಾಟರಿನ ಪಕ್ಕದಲ್ಲಂತೂ ಇರಲೇಕೂಡದು. ಅದಕ್ಕೆ ಬೀಗವಿರುವ ಬೇರೆ ಕಪಾಟು ಬೇಕು. ಕೀಲಿ ಆ ಪಾಳಿಯ ಫಾರ್ಮಸಿಸ್ಟ್ ಬಳಿ ಇರಬೇಕು, ಕಪಾಟಿನ ಬಾಗಿಲಿಗೆ ಒಂದು ಎಣಿಕೆ ಪುಸ್ತಕ ತೂಗಿರಬೇಕು. ಪ್ರತಿ ಪಾಳಿ ಬದಲಾಗುವಾಗ ಹೋಗುವವರೂ ಬರುವವರೂ ಒಟ್ಟಿಗೆ ಎಣಿಸಿ ಸಹಿ ಹಾಕಬೇಕು. ಇದು ಮಾರ್ಫಿನ್ ಥರದ ಮಾದಕ ಔಷಧವಲ್ಲ, ಕಾನೂನು ಈ ಎಣಿಕೆಯನ್ನು ಕೇಳುವುದಿಲ್ಲ. ಆದರೂ ಎಣಿಸಬೇಕು, ಏಕೆಂದರೆ ಒಂದು ಆಂಪ್ಯೂಲ್ ತಪ್ಪಾಗಿ ಹೊರಗೆ ಹೋಗಿದೆ ಎಂಬುದು ರೋಗಿಗೆ ತಲುಪುವ ಮೊದಲು ಗೊತ್ತಾಗುವ ಮಾರ್ಗ ಬಹುಮಟ್ಟಿಗೆ ಅದೊಂದೇ.

ಪ್ರತಿ ಆಂಪ್ಯೂಲಿಗೂ ಎಚ್ಚರಿಕೆಯ ಗುರುತು ಬೇಕು. ಹೊರ ಪೆಟ್ಟಿಗೆಗೆ ಮಾತ್ರ ಕೆಂಪು ಸ್ಟಿಕರ್ ಹಚ್ಚಿದರೆ, ಪೆಟ್ಟಿಗೆಯಿಂದ ತೆಗೆದ ಒಂಟಿ ಆಂಪ್ಯೂಲ್ ಮತ್ತೆ ಅನಾಮಧೇಯವಾಗುತ್ತದೆ. ಇಲ್ಲಿ ಒಂದು ಸೂಕ್ಷ್ಮವಿದೆ: ಮೆದು ಪ್ಲಾಸ್ಟಿಕ್ಕಿನ ಮೂಲಕ ಸ್ಟಿಕರಿನ ಅಂಟಿನ ಅಂಶ ಒಳಗಿಳಿಯುವ ಸಾಧ್ಯತೆ ಇರುವುದರಿಂದ, ಆಂಪ್ಯೂಲಿಗೇ ನೇರವಾಗಿ ಅಂಟಿಸುವ ಬದಲು ಒಂದೊಂದನ್ನೂ ಚಿಕ್ಕ ಜಿಪ್ ಕವರಿನಲ್ಲಿ ಹಾಕಿ, ಕವರಿನ ಮೇಲೆ ಲೇಬಲ್ ಹಚ್ಚುವುದು ಮೇಲು. ಆ ಲೇಬಲ್ ಒಳಗಿನ ಔಷಧದ ಹೆಸರನ್ನೂ ಪ್ರಮಾಣವನ್ನೂ ಅವಧಿ ಮುಗಿಯುವ ದಿನಾಂಕವನ್ನೂ ಮುಚ್ಚಬಾರದು. ಕವರಿನ ಮೇಲೆ ಕನ್ನಡದಲ್ಲಿ ದೊಡ್ಡದಾಗಿ "ಪೊಟ್ಯಾಸಿಯಂ: ನೇರವಾಗಿ ಕೊಡಬಾರದು, ಸಲೈನಿನಲ್ಲಿ ಬೆರೆಸಿಯೇ ಕೊಡಬೇಕು" ಎಂದು ಬರೆಯಿರಿ. ಕೆಂಪು ಲೇಬಲನ್ನು ಇಂಥ ಕೆಲವೇ ಔಷಧಗಳಿಗೆ ಮೀಸಲಿಡಿ. ಅರ್ಧ ಔಷಧಾಲಯವೇ ಕೆಂಪಾದರೆ ಯಾರ ಕಣ್ಣಿಗೂ ಅದು ಬೀಳುವುದಿಲ್ಲ.

ಬಿಲ್ಲಿಂಗ್ ಸಾಫ್ಟ್‌ವೇರಿನಲ್ಲಿ ಐಟಂ ಹೆಸರನ್ನು ಹೇಗೆ ನಮೂದಿಸಿದ್ದೀರಿ ಎಂಬುದೂ ಅಷ್ಟೇ ಮುಖ್ಯ. ಮೂರಕ್ಷರ ಒತ್ತಿದೊಡನೆ ಪಟ್ಟಿ ಇಳಿಯುವ ಪರದೆಯಲ್ಲಿ ಪೊಟ್ಯಾಸಿಯಂ ಸಿರಪ್ ಮತ್ತು ಪೊಟ್ಯಾಸಿಯಂ ಇಂಜೆಕ್ಷನ್ ಒಂದರ ಕೆಳಗೊಂದು ಬರುತ್ತವೆ. ಹೆಸರನ್ನು ಹೀಗೆ ಬರೆದಿಟ್ಟರೆ ಕಣ್ಣು ನಿಲ್ಲುತ್ತದೆ:

```
INJ POTASSIUM CHLORIDE 15% 10ML = 20 mEq **DILUTE**
SYRUP POTASSIUM CHLORIDE - ORAL ONLY
```

ಡೋಪಮೈನ್ ಮತ್ತು ಡೋಬ್ಯುಟಮೈನ್‌ನಂತಹ ಕಿವಿಗೆ ಹೋಲುವ ಹೆಸರುಗಳಿಗೆ, ಬೇರೆಯಾಗುವ ಭಾಗವನ್ನು ಮಾತ್ರ ದೊಡ್ಡಕ್ಷರದಲ್ಲಿ ತೋರಿಸುವ `DOPamine`, `DOBUTamine` ಎಂಬ ರೂಪವನ್ನು ಬಳಸಬಹುದು. ಹುಡುಕಲು ಕನಿಷ್ಠ ಐದು ಅಕ್ಷರ ಒತ್ತಬೇಕೆಂಬ ಮಿತಿಯನ್ನು ಸಾಫ್ಟ್‌ವೇರಿನವರಿಂದ ಹಾಕಿಸಿಕೊಳ್ಳಿ.

ಮೂರನೆಯ ಹಂತ: ಇಂಡೆಂಟನ್ನು ಸ್ವೀಕರಿಸುವುದು ಅಥವಾ ಹಿಂತಿರುಗಿಸುವುದು

ವಾರ್ಡಿನಿಂದ ಬರುವ ಕರೆ ಸಾಮಾನ್ಯವಾಗಿ ಹೀಗಿರುತ್ತದೆ: "ಸರ್, ಫಿಮೇಲ್ ವಾರ್ಡಿಗೆ ಕೆಸಿಎಲ್ ಎರಡು ಕೊಟ್ಟು ಕಳಸ್ರಿ." ಈ ಒಂದು ವಾಕ್ಯದಲ್ಲಿ ರೋಗಿ ಯಾರೆಂಬುದಿಲ್ಲ, ಆಂಪ್ಯೂಲೋ ಸಿರಪ್ಪೋ ಎಂಬುದಿಲ್ಲ, ಯಾವುದರಲ್ಲಿ ಬೆರೆಸುತ್ತಾರೆ ಎಂಬುದಿಲ್ಲ. ಗದ್ದಲದ ನಡುವೆ ಕೆಸಿಎಲ್ ಎಂದದ್ದು ಎನ್ಎಸಿಎಲ್ ಎಂದೂ, ಎನ್ಎಸಿಎಲ್ ಎಂದದ್ದು ಕೆಸಿಎಲ್ ಎಂದೂ ಕೇಳಿಸಬಹುದು. ಆದ್ದರಿಂದ ಈ ಔಷಧಕ್ಕೆ ಮೌಖಿಕ ಬೇಡಿಕೆಯನ್ನು ಒಪ್ಪಿಕೊಳ್ಳಬಾರದು. ತೀರಾ ತುರ್ತು ಇದ್ದಾಗ ಡ್ಯೂಟಿ ಡಾಕ್ಟರೇ ಫೋನಿನಲ್ಲಿ ಹೇಳಿದರೆ ಬರೆದುಕೊಂಡು, "ಪೊಟ್ಯಾಸಿಯಂ ಕ್ಲೋರೈಡ್, ಪಿ-ಒ-ಟಿ, ಇಪ್ಪತ್ತು, ಎರಡು-ಸೊನ್ನೆ ಎಂಇಕ್ಯೂ" ಎಂದು ಅಕ್ಷರ ಮತ್ತು ಅಂಕಿಗಳನ್ನು ಬಿಡಿಸಿ ಅವರಿಗೇ ಓದಿ ಹೇಳಿ, ಹೌದೆನಿಸಿಕೊಂಡು, ಲಿಖಿತ ಆದೇಶ ಕೌಂಟರಿಗೆ ಬಂದ ನಂತರವೇ ಆಂಪ್ಯೂಲನ್ನು ಕೊಡಬೇಕು.

ಲಿಖಿತ ಇಂಡೆಂಟಿನಲ್ಲಿ ರೋಗಿಯ ಹೆಸರು, ಐಪಿ ಸಂಖ್ಯೆ, ವಾರ್ಡ್, ಸಂಕ್ಷೇಪವಿಲ್ಲದೆ ಬರೆದ ಔಷಧದ ಹೆಸರು, ಎಂಇಕ್ಯೂ ಅಂದರೆ ಮಿಲಿ ಈಕ್ವಿವಲೆಂಟ್ ಅಳತೆಯಲ್ಲಿ ಪ್ರಮಾಣ, ಬೆರೆಸುವ ದ್ರವ ಮತ್ತು ಅದರ ಗಾತ್ರ, ಎಷ್ಟು ಗಂಟೆಯಲ್ಲಿ ಹೋಗಬೇಕು ಎಂಬುದು, ಇತ್ತೀಚಿನ ರಕ್ತ ಪರೀಕ್ಷೆಯ ಪೊಟ್ಯಾಸಿಯಂ ಮಟ್ಟ, ಇಷ್ಟೂ ಇರಬೇಕು. "ಒಂದು ಆಂಪ್ಯೂಲ್" ಎಂಬುದು ಪ್ರಮಾಣವಲ್ಲ. ಶೇ. 15ರ ಆಂಪ್ಯೂಲಿನ ಪ್ರತಿ ಮಿ.ಲೀ.ಯಲ್ಲಿ 150 ಮಿ.ಗ್ರಾಂ. ಲವಣ, ಅಂದರೆ 2 ಎಂಇಕ್ಯೂ ಪೊಟ್ಯಾಸಿಯಂ ಇದೆ, 10 ಮಿ.ಲೀ. ಪೂರ್ತಿಗೆ 20 ಎಂಇಕ್ಯೂ ಆಗುತ್ತದೆ. ಮುಂದೊಂದು ದಿನ ಬೇರೆ ಗಾತ್ರದ ಆಂಪ್ಯೂಲ್ ಬಂದರೆ "ಒಂದು ಆಂಪ್ಯೂಲ್" ಎಂಬ ಬರಹದ ಅರ್ಥವೇ ಬದಲಾಗುತ್ತದೆ.

ಅಪೂರ್ಣ ಇಂಡೆಂಟನ್ನು ತಿರುಗಿ ಕಳಿಸುವುದು ಕಷ್ಟದ ಕೆಲಸ. ಹಿರಿಯ ಸಿಸ್ಟರ್ ಕೌಂಟರಿನ ಮುಂದೆ ನಿಂತು, "ಪೇಷಂಟ್ ಸೀರಿಯಸ್ ಅದಾರ‍್ರಿ, ಮೊದಲ ಕೊಡ್ರಿ, ಆಮ್ಯಾಲೆ ಬರಸ್ಕೊಂಡು ಬರ್ತೀನಿ" ಎಂದಾಗ ಕಿರಿಯ ಫಾರ್ಮಸಿಸ್ಟ್ ಒಬ್ಬಳು ಇಲ್ಲವೆನ್ನಬೇಕಾದರೆ ಆಕೆಯ ಹಿಂದೆ ಆಸ್ಪತ್ರೆಯ ಲಿಖಿತ ಆದೇಶ ಇರಬೇಕು. ಆ ಆದೇಶದ ಮೇಲೆ ವೈದ್ಯಕೀಯ ಅಧೀಕ್ಷಕರ ಸಹಿ ಇದ್ದು, ಅದು ಕೌಂಟರಿನ ಹೊರಮುಖಕ್ಕೆ ಕಾಣುವಂತೆ ಇದ್ದರೆ ವಾದವೇ ಹುಟ್ಟುವುದಿಲ್ಲ.

ನಾಲ್ಕನೆಯ ಹಂತ: ಆದೇಶವನ್ನು ಪರಿಶೀಲಿಸುವುದು, ಒಂದು ಉದಾಹರಣೆಯೊಂದಿಗೆ

ಹಾವೇರಿ ಜಿಲ್ಲೆಯ ಒಂದು ಆಸ್ಪತ್ರೆ ಎಂದು ಕಲ್ಪಿಸಿಕೊಳ್ಳೋಣ. ಎರಡು ದಿನದ ವಾಂತಿಭೇದಿಯಿಂದ ದಾಖಲಾದ 58 ವರ್ಷದ ಮಹಿಳೆಯೊಬ್ಬರ ಪೊಟ್ಯಾಸಿಯಂ ಮಟ್ಟ 2.7 ಎಂದು ಬಂದಿದೆ. ಅದು ಸಾಮಾನ್ಯವಾಗಿ 3.5ರಿಂದ 5ರ ಆಸುಪಾಸಿನಲ್ಲಿರಬೇಕು. ಕ್ರಿಯಾಟಿನಿನ್ 0.9 ಇದೆ, ಮೂತ್ರ ಚೆನ್ನಾಗಿ ಹೋಗುತ್ತಿದೆ. ರಾತ್ರಿ ಇಂಡೆಂಟ್ ಬರುತ್ತದೆ: "ಇಂಜೆಕ್ಷನ್ ಕೆಸಿಎಲ್ 2 ಆಂಪ್ಯೂಲ್, 1 ಪೈಂಟ್ ಎನ್ಎಸ್‌ನಲ್ಲಿ."

ಫಾರ್ಮಸಿಸ್ಟ್ ಲೆಕ್ಕ ಹಾಕುತ್ತಾರೆ. ನಮ್ಮ ವಾರ್ಡುಗಳಲ್ಲಿ ಪೈಂಟ್ ಎಂದರೆ 500 ಮಿ.ಲೀ. ಬಾಟಲಿ. ಎರಡು ಆಂಪ್ಯೂಲ್ ಎಂದರೆ 40 ಎಂಇಕ್ಯೂ. 500 ಮಿ.ಲೀ.ಯಲ್ಲಿ 40 ಎಂದರೆ ಲೀಟರಿಗೆ 80 ಎಂಇಕ್ಯೂ ಆಯಿತು. ಕೈಯ ಸಾಮಾನ್ಯ ರಕ್ತನಾಳದ ಮೂಲಕ ಕೊಡುವಾಗ ಲೀಟರಿಗೆ 40 ಎಂಇಕ್ಯೂ ಮೀರಬಾರದು, ಗಂಟೆಗೆ 10 ಎಂಇಕ್ಯೂ ಮೀರಬಾರದು ಎಂಬುದು ಸಾಮಾನ್ಯ ವಾರ್ಡಿನಲ್ಲಿ ಪಾಲಿಸುವ ಮಿತಿ. ಅದಕ್ಕಿಂತ ವೇಗವಾಗಿ ಕೊಡಬೇಕಾದ ರೋಗಿ ಹೃದಯದ ಮಾನಿಟರ್ ಇರುವ ಐಸಿಯುನಲ್ಲಿರಬೇಕು. ಈ ಆದೇಶದಲ್ಲಿ ಸಾಂದ್ರತೆ ಮಿತಿಯ ಎರಡು ಪಟ್ಟಿದೆ, ವೇಗವನ್ನಂತೂ ಬರೆದೇ ಇಲ್ಲ. ಅಷ್ಟು ಸಾಂದ್ರವಾದ ದ್ರವ ಸೂಜಿ ಹಾಕಿದ ಜಾಗದಲ್ಲಿ ಉರಿಯೂತ ತರುತ್ತದೆ. ವೇಗ ಬರೆಯದಿರುವುದು ಅದಕ್ಕಿಂತ ಹೆಚ್ಚು ಅಪಾಯಕಾರಿ, ಏಕೆಂದರೆ ಬಾಟಲಿಯ ರೋಲರನ್ನು ಪೂರ್ತಿ ಬಿಟ್ಟರೆ ಅರ್ಧ ಗಂಟೆಯಲ್ಲಿ ಎಲ್ಲವೂ ಒಳಗಿಳಿದಿರಬಹುದು.

ಫಾರ್ಮಸಿಸ್ಟ್ ಡ್ಯೂಟಿ ಡಾಕ್ಟರಿಗೆ ಕರೆ ಮಾಡುತ್ತಾರೆ. ಲೆಕ್ಕವನ್ನು ಮುಂದಿಟ್ಟು ಕೇಳಿದರೆ ಸಾಕು: "ಡಾಕ್ಟ್ರೇ, ಇದು ಲೀಟರಿಗೆ 80 ಆಗ್ತದ, ರೇಟ್ ಬರದಿಲ್ಲ. ಎರಡು ಬಾಟಲಿಗೆ ಒಂದೊಂದು ಆಂಪ್ಯೂಲ್ ಮಾಡೋಣೇನ್ರಿ?" ಆದೇಶ ತಿದ್ದಿ ಬರುತ್ತದೆ: 20 ಎಂಇಕ್ಯೂ ಪೊಟ್ಯಾಸಿಯಂ ಕ್ಲೋರೈಡ್, 500 ಮಿ.ಲೀ. ನಾರ್ಮಲ್ ಸಲೈನಿನಲ್ಲಿ, ನಾಲ್ಕು ಗಂಟೆಯಲ್ಲಿ. ಅದು ಮುಗಿದ ಮೇಲೆ ಇನ್ನೊಂದು ಬಾಟಲಿ ಅದೇ ರೀತಿ. ನಂತರ ರಕ್ತ ಪರೀಕ್ಷೆ. ಇದು ಗಂಟೆಗೆ 125 ಮಿ.ಲೀ., ಅಂದರೆ 5 ಎಂಇಕ್ಯೂ ಆಗುತ್ತದೆ. ಇನ್ಫ್ಯೂಷನ್ ಪಂಪ್ ಇಲ್ಲದಿದ್ದರೆ, ಒಂದು ಮಿ.ಲೀ.ಗೆ 20 ಹನಿ ಬೀಳುವ ಸೆಟ್‌ನಲ್ಲಿ ನಿಮಿಷಕ್ಕೆ ಸುಮಾರು 42 ಹನಿ. ಈ ಹನಿಯ ಲೆಕ್ಕವನ್ನೂ ಔಷಧಾಲಯವೇ ಲೇಬಲ್ ಮೇಲೆ ಬರೆದುಕೊಟ್ಟರೆ ನಡುರಾತ್ರಿಯಲ್ಲಿ ವಾರ್ಡಿನವರು ಹೊಸದಾಗಿ ಲೆಕ್ಕ ಹಾಕಬೇಕಾಗುವುದಿಲ್ಲ.

ಬೆರೆಸಲು ಡೆಕ್ಸ್ಟ್ರೋಸ್ ಬರೆದಿದ್ದರೆ ಒಮ್ಮೆ ಕೇಳಬೇಕು. ಸಕ್ಕರೆ ಒಳಹೋದಾಗ ದೇಹದಲ್ಲಿ ಇನ್ಸುಲಿನ್ ಹೆಚ್ಚಿ ಪೊಟ್ಯಾಸಿಯಂ ಜೀವಕೋಶಗಳೊಳಗೆ ಸರಿಯುವುದರಿಂದ, ಕಡಿಮೆಯಾದ ಮಟ್ಟವನ್ನು ಏರಿಸಲು ಸಲೈನೇ ಸೂಕ್ತ. ಅದೇ ಹೊತ್ತಿಗೆ ರೋಗಿಯ ಔಷಧ ಚೀಟಿಯಲ್ಲಿ ಸ್ಪೈರೊನೊಲ್ಯಾಕ್ಟೋನ್, ರಾಮಿಪ್ರಿಲ್, ಟೆಲ್ಮಿಸಾರ್ಟನ್ ಅಥವಾ ಪೊಟ್ಯಾಸಿಯಂ ಸಿರಪ್ ಇದೆಯೇ ಎಂದು ನೋಡಬೇಕು, ಇವೆಲ್ಲ ಮಟ್ಟವನ್ನು ಏರಿಸುವಂಥವು. ಮೂತ್ರ ಕಡಿಮೆ ಇರುವ ಅಥವಾ ಕ್ರಿಯಾಟಿನಿನ್ ಏರಿರುವ ರೋಗಿಗೆ ಆದೇಶ ಬಂದರೆ, ವೈದ್ಯರೊಂದಿಗೆ ಮಾತಾಡದೆ ಕಪಾಟಿನ ಬೀಗ ತೆಗೆಯಬಾರದು.

ಐದನೆಯ ಹಂತ: ತೆಗೆಯುವುದು ಮತ್ತು ಎರಡನೆಯವರ ಸ್ವತಂತ್ರ ಪರಿಶೀಲನೆ

ಆಂಪ್ಯೂಲಿನ ಹೆಸರನ್ನು ಮೂರು ಸಲ ಓದಬೇಕು: ಕಪಾಟಿನಿಂದ ತೆಗೆಯುವಾಗ, ಇಂಡೆಂಟಿನ ಪಕ್ಕದಲ್ಲಿ ಇಡುವಾಗ, ಉಳಿದ ಪೆಟ್ಟಿಗೆಯನ್ನು ಮರಳಿ ಇಡುವಾಗ. ಕವರಿನ ಮೇಲಿನ ನಮ್ಮದೇ ಲೇಬಲನ್ನು ಓದಿದರೆ ಸಾಲದು, ತಯಾರಕರು ಆಂಪ್ಯೂಲಿನ ಮೇಲೆ ಅಚ್ಚು ಹಾಕಿದ್ದನ್ನೇ ಓದಬೇಕು. ಕವರಿಗೆ ಹಾಕುವಾಗಲೇ ತಪ್ಪಾಗಿರಬಹುದು. ಉಬ್ಬಕ್ಷರದ ಆಂಪ್ಯೂಲ್ ಆದರೆ ಕಪ್ಪು ಕಾಗದದ ಹಿನ್ನೆಲೆಯಲ್ಲಿ, ಪಕ್ಕದಿಂದ ಟಾರ್ಚ್ ಬೆಳಕು ಬಿಟ್ಟರೆ ಅಕ್ಷರಗಳು ನೆರಳು ಹಿಡಿದು ಸ್ಪಷ್ಟವಾಗುತ್ತವೆ. ಕಪಾಟಿನೊಳಗೇ ಒಂದು ಟಾರ್ಚ್ ಇಟ್ಟಿರಿ.

ಈಗ ಎರಡನೆಯವರ ಸರದಿ. ಬಹಳ ಕಡೆ ಈ ಹಂತ ಹೆಸರಿಗೆ ಮಾತ್ರ ನಡೆಯುತ್ತದೆ. ಮೊದಲನೆಯವರು "ಪೊಟ್ಯಾಸಿಯಂ ಒಂದು, ಸರಿ ಅದ ಅಲ್ರೀ?" ಎನ್ನುತ್ತಾರೆ, ಎರಡನೆಯವರು ಬಿಲ್ ಮಾಡುತ್ತಲೇ ತಲೆ ಆಡಿಸಿ ಸಹಿ ಹಾಕುತ್ತಾರೆ. ಉತ್ತರವನ್ನು ಮೊದಲೇ ಕೇಳಿಸಿಕೊಂಡವರ ಕಣ್ಣು ಆ ಉತ್ತರವನ್ನೇ ಕಾಣುತ್ತದೆ. ಸ್ವತಂತ್ರ ಪರಿಶೀಲನೆ ಎಂದರೆ, ಮೊದಲನೆಯವರು ಏನೂ ಹೇಳದೆ ಆಂಪ್ಯೂಲನ್ನೂ ಇಂಡೆಂಟನ್ನೂ ಟ್ರೇನಲ್ಲಿ ಇಟ್ಟು ಪಕ್ಕಕ್ಕೆ ಸರಿಯಬೇಕು. ಎರಡನೆಯವರು ಮೊದಲು ಆಂಪ್ಯೂಲನ್ನು ಕೈಗೆತ್ತಿಕೊಂಡು ಹೆಸರು, ಪ್ರಮಾಣ, ಅವಧಿಯನ್ನು ಗಟ್ಟಿಯಾಗಿ ಓದಬೇಕು. ನಂತರ ಇಂಡೆಂಟನ್ನು ಓದಿ ಎಂಇಕ್ಯೂ, ಸಾಂದ್ರತೆ, ವೇಗದ ಲೆಕ್ಕವನ್ನು ತಾವೇ ಬೇರೆ ಕಾಗದದ ಮೇಲೆ ಹಾಕಬೇಕು. ಆಮೇಲೆ ಎರಡೂ ಲೆಕ್ಕಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ಹೊಂದದಿದ್ದರೆ ಯಾರು ಹಿರಿಯರೆಂಬುದರ ಮೇಲೆ ತೀರ್ಮಾನ ಮಾಡದೆ, ಇಬ್ಬರೂ ಮೊದಲಿನಿಂದ ಮಾಡಬೇಕು.

ರಾತ್ರಿ ಪಾಳಿಯಲ್ಲಿ ಒಬ್ಬರೇ ಫಾರ್ಮಸಿಸ್ಟ್ ಇರುವುದು ನಮ್ಮ ಜಿಲ್ಲಾ ಮಟ್ಟದ ಆಸ್ಪತ್ರೆಗಳ ವಾಸ್ತವ. ಅಂಥಲ್ಲಿ ಎರಡನೆಯ ವ್ಯಕ್ತಿ ಯಾರೆಂಬುದನ್ನು ಮೊದಲೇ ಬರೆದಿಟ್ಟಿರಬೇಕು: ಔಷಧ ಪಡೆಯಲು ಬಂದ ಸ್ಟಾಫ್ ನರ್ಸ್ ಅಥವಾ ರಾತ್ರಿಯ ನರ್ಸಿಂಗ್ ಮೇಲ್ವಿಚಾರಕಿ. ಬಿಲ್ಲಿಂಗ್ ಹುಡುಗನಿಂದಲೋ ವಾರ್ಡ್ ಆಯಾರಿಂದಲೋ ಆ ಸಹಿ ಮಾಡಿಸಬಾರದು. ಯಾರೂ ಸಿಗದಿದ್ದರೆ ಬೇರೊಂದು ಕೆಲಸ ಮಾಡಿ ಹತ್ತು ನಿಮಿಷ ಬಿಟ್ಟು ಬಂದು ತಾವೇ ಮತ್ತೆ ಮೊದಲಿನಿಂದ ಪರಿಶೀಲಿಸುವುದು ಏನೂ ಮಾಡದಿರುವುದಕ್ಕಿಂತ ಮೇಲು. ಆದರೆ ಅದನ್ನು ಸ್ವತಂತ್ರ ಪರಿಶೀಲನೆ ಎಂದು ಪುಸ್ತಕದಲ್ಲಿ ಬರೆಯದೆ, "ಒಬ್ಬರೇ, ಎರಡು ಬಾರಿ" ಎಂದೇ ಬರೆಯಬೇಕು.

ಆರನೆಯ ಹಂತ: ಯಾರ ಕೈಗೆ ಕೊಡಬೇಕು

ಈ ಭಾಗದ ಖಾಸಗಿ ದವಾಖಾನೆಗಳಲ್ಲಿ ರೋಗಿಯ ಸಂಬಂಧಿಕರ ಕೈಗೆ ಚೀಟಿ ಕೊಟ್ಟು, ಅವರೇ ಕೆಳಗಿನ ಔಷಧಾಲಯದಿಂದ ತಂದುಕೊಡುವ ರೂಢಿ ಇದೆ. ಬಹುತೇಕ ಔಷಧಗಳಿಗೆ ಅದು ನಡೆದುಹೋಗುತ್ತದೆ. ಪೊಟ್ಯಾಸಿಯಂ ಕ್ಲೋರೈಡಿಗೆ ನಡೆಯಕೂಡದು. ಒಂದೇ ಕವರಿನಲ್ಲಿ ಆ್ಯಂಟಿಬಯಾಟಿಕ್ ವೈಯಲ್, ಅದನ್ನು ಕರಗಿಸುವ ಸ್ಟೆರೈಲ್ ವಾಟರ್, ಸಿರಿಂಜ್ ಮತ್ತು ಪೊಟ್ಯಾಸಿಯಂ ಆಂಪ್ಯೂಲ್ ಸೇರಿ ಮಗನ ಕೈಯಲ್ಲಿ ವಾರ್ಡಿಗೆ ಹೋದವು ಎಂದುಕೊಳ್ಳಿ. ಅಲ್ಲಿ ಹಾಸಿಗೆಯ ಪಕ್ಕದ ಲಾಕರಿನ ಮೇಲೆ ಎಲ್ಲವೂ ಒಟ್ಟಿಗೆ ಸುರಿದಾಗ, ವೈಯಲಿನ ಪಕ್ಕ ಬಿದ್ದಿರುವ 10 ಮಿ.ಲೀ. ಆಂಪ್ಯೂಲ್ ಯಾವುದೆಂದು ತಿರುಗಿಸಿ ಓದುವವರು ಯಾರು? ವಾರ್ಡಿನಲ್ಲಿ "ಡಿಸ್ಟಿಲ್ ವಾಟರ್ ಕೊಡ್ರಿ" ಎಂದು ಕೈಚಾಚಿದವರಿಗೆ ಸಂಬಂಧಿಕರು ಎತ್ತಿಕೊಡುವುದು ಕೈಗೆ ಸಿಕ್ಕಿದ್ದನ್ನೇ.

ಆದ್ದರಿಂದ ಮೂರು ನಿಯಮಗಳಲ್ಲಿ ಸಡಿಲಿಕೆ ಇರಬಾರದು. ಒಂದು, ಬಿಲ್ಲಿನ ಹಣವನ್ನು ಸಂಬಂಧಿಕರು ಕೊಡಬಹುದು, ಆಂಪ್ಯೂಲ್ ಮಾತ್ರ ನೋಂದಾಯಿತ ನರ್ಸ್ ಕೈಗೇ ಹೋಗಬೇಕು, ಅವರು ಎಣಿಕೆ ಪುಸ್ತಕದಲ್ಲಿ ಹೆಸರು ಮತ್ತು ಸಮಯ ಬರೆದು ಸಹಿ ಹಾಕಬೇಕು. ಎರಡು, ಸ್ಟೆರೈಲ್ ವಾಟರ್ ಇರುವ ಕವರಿನಲ್ಲಿ ಅದನ್ನು ಎಂದೂ ಹಾಕಬಾರದು. ಮೂರು, ಒಂದು ಬಾರಿಗೆ ಒಂದು ಬಾಟಲಿಗೆ ಬೇಕಾದಷ್ಟನ್ನೇ ಕೊಡಬೇಕು. ಮೇಲಿನ ಉದಾಹರಣೆಯ ರೋಗಿಗೆ ಮೊದಲು ಒಂದು ಆಂಪ್ಯೂಲ್ ಹೋಗುತ್ತದೆ, ನಾಲ್ಕು ಗಂಟೆಯ ನಂತರ ಬಾಟಲಿ ಮುಗಿದಾಗ ಎರಡನೆಯದು. ಸಿಸ್ಟರಿಗೆ ಇನ್ನೊಮ್ಮೆ ಮೆಟ್ಟಿಲು ಹತ್ತಿಳಿಯುವ ಕೆಲಸ ಬೀಳುತ್ತದೆ ನಿಜ. ಆದರೆ ಎರಡನೆಯ ಆಂಪ್ಯೂಲ್ ಆ ನಾಲ್ಕು ಗಂಟೆಯೂ ಟ್ರಾಲಿಯಲ್ಲಿ ಸ್ಟೆರೈಲ್ ವಾಟರಿನ ಪಕ್ಕದಲ್ಲಿ ಬಿದ್ದಿರುವುದು ತಪ್ಪುತ್ತದೆ.

ಸಾಮಾನ್ಯ ವಾರ್ಡುಗಳಲ್ಲಿ ಇದರ ದಾಸ್ತಾನು ಇರಲೇಬಾರದು. ಐಸಿಯುನಲ್ಲಿ ಇಡಲೇಬೇಕೆಂದರೆ ವೈದ್ಯರ ಲಿಖಿತ ಒಪ್ಪಿಗೆಯೊಂದಿಗೆ, ನಿಗದಿತ ಸಂಖ್ಯೆಯಲ್ಲಿ, ಬೀಗದೊಳಗೆ ಇಟ್ಟು, ಅದೇ ಪಾಳಿ ಎಣಿಕೆಯ ನಿಯಮಕ್ಕೆ ಒಳಪಡಿಸಬೇಕು.

ಬೆರೆಸುವ ವಿಧಾನವನ್ನು ಲೇಬಲಿನ ಹಿಂಬದಿಯಲ್ಲಿ ಅಚ್ಚು ಹಾಕಿಸಿ. ಆಗಲೇ ತೂಗುಹಾಕಿ ಹನಿ ಬೀಳುತ್ತಿರುವ ಬಾಟಲಿಗೆ ಪೊಟ್ಯಾಸಿಯಂ ಸೇರಿಸಬಾರದು. ಸಾಂದ್ರ ದ್ರಾವಣ ಸಲೈನಿಗಿಂತ ಭಾರವಾದ್ದರಿಂದ ಅದು ಕೆಳಗೆ, ಹೊರಹೋಗುವ ದಾರಿಯ ಬಳಿಯೇ ಕೂರುತ್ತದೆ, ಆಗ ಮೊದಲ ಕೆಲವು ನಿಮಿಷಗಳಲ್ಲಿ ರೋಗಿಗೆ ಹೋಗುವುದು ಬಹುತೇಕ ಬೆರೆಯದ ಪೊಟ್ಯಾಸಿಯಮ್ಮೇ. ಬಾಟಲಿಯನ್ನು ಕೆಳಗಿಳಿಸಿ, ಔಷಧ ಸೇರಿಸಿ, ಕನಿಷ್ಠ ಹತ್ತು ಸಲ ಮೇಲೆಕೆಳಗೆ ತಿರುವಿ, ರೋಗಿಯ ಹೆಸರು, ಸೇರಿಸಿದ ಪ್ರಮಾಣ, ಸಮಯ, ಹನಿಯ ವೇಗ ಬರೆದ ಲೇಬಲ್ ಹಚ್ಚಿ ಆಮೇಲೆ ತೂಗುಹಾಕಬೇಕು. ಇದನ್ನು ಇಬ್ಬರು ನರ್ಸುಗಳು ಒಟ್ಟಿಗೆ ಮಾಡಬೇಕು.

ಏಳನೆಯ ಹಂತ: ಮರಳಿ ಬಂದ ಆಂಪ್ಯೂಲ್

ಕೊಡುವಾಗ ಎಲ್ಲರೂ ಎಚ್ಚರವಾಗಿರುತ್ತಾರೆ. ಅನೇಕ ತಪ್ಪುಗಳು ಹುಟ್ಟುವುದು ಮರಳಿ ಇಡುವಾಗ. ರೋಗಿ ಬಿಡುಗಡೆಯಾದಾಗ ಬಳಸದ ಔಷಧಗಳೆಲ್ಲ ಒಂದು ಕವರಿನಲ್ಲಿ ಕೌಂಟರಿಗೆ ಮರಳುತ್ತವೆ. ಬಿಲ್ ಕಡಿತ ಮಾಡಿಸಿಕೊಳ್ಳಲು ಸಂಬಂಧಿಕರು ಅವಸರದಲ್ಲಿರುತ್ತಾರೆ, 10 ಮಿ.ಲೀ. ಆಂಪ್ಯೂಲ್‌ಗಳನ್ನು ಒಟ್ಟಿಗೆ ಹಿಡಿದು ಸ್ಟೆರೈಲ್ ವಾಟರಿನ ಡಬ್ಬಿಗೆ ಸುರಿದುಬಿಡುವುದು ಬಹಳ ಸುಲಭ. ಹಾಗೆ ಸುರಿದ ಆಂಪ್ಯೂಲಿನಲ್ಲಿ ಒಂದು ಪೊಟ್ಯಾಸಿಯಂ ಆಗಿದ್ದರೆ, ಅದು ಮುಂದೆ ಸ್ಟೆರೈಲ್ ವಾಟರ್ ಎಂಬ ಹೆಸರಿನಲ್ಲಿಯೇ ಯಾವ ಪರಿಶೀಲನೆಯೂ ಇಲ್ಲದೆ ವಾರ್ಡಿಗೆ ಹೋಗುತ್ತದೆ.

ಮರಳಿದ ಸರಕಿಗೆ ಬೇರೆ ಟ್ರೇ ಇರಬೇಕು. ದಿನಕ್ಕೆ ಒಂದು ನಿಗದಿತ ಹೊತ್ತಿನಲ್ಲಿ, ಕೌಂಟರಿನಲ್ಲಿ ಜನ ಕಡಿಮೆಯಿರುವಾಗ, ಫಾರ್ಮಸಿಸ್ಟೇ ಒಂದೊಂದನ್ನೂ ಓದಿ ಜಾಗಕ್ಕೆ ಸೇರಿಸಬೇಕು. ಪೊಟ್ಯಾಸಿಯಂ ಆಂಪ್ಯೂಲ್ ಅದರ ಜಿಪ್ ಕವರಿನಲ್ಲಿಯೇ ಮರಳದಿದ್ದರೆ ದಾಸ್ತಾನಿಗೆ ಸೇರಿಸದೆ ನಾಶಪಡಿಸುವ ಪೆಟ್ಟಿಗೆಗೆ ಹಾಕಿ, ಎಣಿಕೆ ಪುಸ್ತಕದಲ್ಲಿ ಬರೆಯುವುದು ನನ್ನ ಸಲಹೆ. ಕೆಲವು ರೂಪಾಯಿಯ ನಷ್ಟವನ್ನು ಆಸ್ಪತ್ರೆ ಹೊರಬೇಕು.

ಎಂಟನೆಯ ಹಂತ: ಎಣಿಕೆ ತಪ್ಪಿದಾಗ, ಅಥವಾ ತಪ್ಪು ಔಷಧ ರೋಗಿಯನ್ನು ತಲುಪಿದಾಗ

ಪಾಳಿ ಬದಲಾಗುವಾಗ ಎಣಿಕೆಯಲ್ಲಿ ಒಂದು ಆಂಪ್ಯೂಲ್ ಕಡಿಮೆ ಬಂದರೆ, ಪುಸ್ತಕದ ಲೆಕ್ಕ ತಿದ್ದಲು ಕೂರಬಾರದು. ಮೊದಲು ಆ ಪಾಳಿಯಲ್ಲಿ ಸ್ಟೆರೈಲ್ ವಾಟರ್ ಮತ್ತು ಸಲೈನ್ ಆಂಪ್ಯೂಲ್ ಹೋದ ಪ್ರತಿ ವಾರ್ಡಿಗೂ ಕರೆ ಮಾಡಿ, "ಇರುವ 10 ಮಿ.ಲೀ. ಆಂಪ್ಯೂಲ್‌ಗಳನ್ನು ಬಳಸುವುದನ್ನು ನಿಲ್ಲಿಸಿ, ಒಂದೊಂದರ ಹೆಸರು ಓದಿ ಹೇಳಿ" ಎನ್ನಬೇಕು. ಅದೇ ಹೊತ್ತಿಗೆ ಔಷಧಾಲಯದ ಸ್ಟೆರೈಲ್ ವಾಟರ್ ಡಬ್ಬಿಯನ್ನು ಪೂರ್ತಿ ಬರಿದು ಮಾಡಿ ಒಂದೊಂದನ್ನೂ ನೋಡಬೇಕು. ಸ್ಟೆರೈಲ್ ವಾಟರಿನ ಎಣಿಕೆಯಲ್ಲಿ ಒಂದು ಹೆಚ್ಚು ಬಂದರೆ ಅದಲುಬದಲಾದ ಆಂಪ್ಯೂಲ್ ಆ ಡಬ್ಬಿಯಲ್ಲೇ ಇದೆ ಎಂಬ ಸಂಶಯ ಬಲವಾಗುತ್ತದೆ.

ತಪ್ಪು ಔಷಧ ರೋಗಿಯನ್ನು ತಲುಪಿದೆ ಎಂಬ ಅನುಮಾನ ಬಂದರೂ ಸಾಕು, ಹರಿವನ್ನು ನಿಲ್ಲಿಸಿ, ವೈದ್ಯರನ್ನು ಕರೆದು, ಇಸಿಜಿ ತೆಗೆಯಬೇಕು. ಟಿ ಅಲೆ ಚೂಪಾಗಿ ಎತ್ತರವಾಗುವುದು ಮತ್ತು ಕ್ಯೂಆರ್‌ಎಸ್ ಅಗಲವಾಗುವುದು ಪೊಟ್ಯಾಸಿಯಂ ಏರಿದ್ದರ ಗುರುತುಗಳು. ವೈದ್ಯರು ಮೊದಲು ಕೇಳುವ ಔಷಧ ಶೇ. 10ರ ಕ್ಯಾಲ್ಸಿಯಂ ಗ್ಲುಕೊನೇಟ್. ಅದೂ 10 ಮಿ.ಲೀ. ಆಂಪ್ಯೂಲಿನಲ್ಲೇ ಬರುತ್ತದೆ. ಆದ್ದರಿಂದ ತುರ್ತು ಟ್ರಾಲಿಯಲ್ಲಿ ಅದರ ಜಾಗ ನಿಗದಿಯಾಗಿರಬೇಕು, ಟ್ರಾಲಿಯನ್ನು ತುಂಬಿಸುವ ಫಾರ್ಮಸಿಸ್ಟ್ ಅದನ್ನೂ ಹೋಲುವ ಔಷಧಗಳ ಪಟ್ಟಿಯಲ್ಲಿ ಸೇರಿಸಿರಬೇಕು.

ರೋಗಿಗೆ ಏನೂ ಆಗದೆ ತಪ್ಪಿದ ಪ್ರಸಂಗವನ್ನೂ ಬರೆದಿಡಬೇಕು. ವರದಿಯಲ್ಲಿ ಸಿಬ್ಬಂದಿಯ ಹೆಸರಿಗಿಂತ ಎರಡು ಆಂಪ್ಯೂಲ್‌ಗಳ ಬ್ಯಾಚ್ ಸಂಖ್ಯೆ, ತಯಾರಕರು, ಎರಡನ್ನೂ ಜೊತೆಗಿಟ್ಟು ತೆಗೆದ ಫೋಟೊ, ತಪ್ಪು ಎಲ್ಲಿ ಸಿಕ್ಕಿತು ಎಂಬ ವಿವರ ಹೆಚ್ಚು ಉಪಯೋಗಕ್ಕೆ ಬರುತ್ತವೆ. ರೋಗಿಗೆ ಹಾನಿಯಾಗಿದ್ದರೆ ಭಾರತೀಯ ಔಷಧ ಜಾಗೃತಿ ಕಾರ್ಯಕ್ರಮಕ್ಕೆ, ಹತ್ತಿರದ ವೈದ್ಯಕೀಯ ಕಾಲೇಜಿನ ನಿಗಾ ಕೇಂದ್ರದ ಮೂಲಕ ಅಥವಾ 1800-180-3024 ಸಂಖ್ಯೆಗೆ ಕರೆ ಮಾಡಿ ವರದಿ ಕೊಡಬಹುದು. ಅದೇ ಫೋಟೊ ಮತ್ತು ಬ್ಯಾಚ್ ವಿವರವನ್ನು ಸ್ಟಾಕಿಸ್ಟ್ ಮೂಲಕ ತಯಾರಕರಿಗೆ ಕಳಿಸಿ, ಮುಂದಿನ ಖರೀದಿ ಆದೇಶದಲ್ಲಿ ಆ ಎರಡರಲ್ಲಿ ಒಂದನ್ನು ಬೇರೆ ವಿನ್ಯಾಸದ್ದನ್ನಾಗಿ ಬದಲಿಸಿ, ಬದಲಿಸಿದ ದಿನಾಂಕವನ್ನು ವರದಿಯ ಕೊನೆಯ ಸಾಲಿನಲ್ಲಿ ನಮೂದಿಸಿದ ನಂತರವೇ ಆ ಕಡತವನ್ನು ಮುಚ್ಚಬೇಕು.